‘ಸಂಪೂರ್ಣ ವಿಮೆ ಇದೆ’ ಎಂದು ಬರೆದವರ ಕಥೆ

ಸಣ್ಣ ಗುತ್ತಿಗೆದಾರರು ತಮ್ಮ ಪ್ರಸ್ತಾವನೆಯನ್ನು ನನ್ನ ಮುಂದಿಟ್ಟಾಗ ನಾನು ಮೊದಲು ಕೊನೆಯ ಪುಟ ತೆರೆಯುತ್ತೇನೆ. ಅಳತೆ, ದರ, ಸಾಮಗ್ರಿಯ ವಿಷಯದಲ್ಲಿ ಅವರಿಗೆ ನಾನು ಹೇಳಿಕೊಡುವುದು ಏನೂ ಇಲ್ಲ. ಕೊನೆಯ ಪುಟದಲ್ಲಿ ವಿಮೆಯ ಬಗ್ಗೆ ಒಂದೇ ಒಂದು ಸಾಲು ಇರುತ್ತದೆ: “ನಮ್ಮ ಕಾಮಗಾರಿಗೆ ಸಂಪೂರ್ಣ ವಿಮೆ ಇದ್ದು, ಕೆಲಸದಿಂದ ಯಾರಿಗೆ ಯಾವ ಹಾನಿಯಾದರೂ ಭರಿಸಲು ನಾವು ಬದ್ಧರಾಗಿದ್ದೇವೆ.” ಯಾರೋ ಒಬ್ಬರು ಬರೆದದ್ದನ್ನು ಎಲ್ಲರೂ ನಕಲು ಮಾಡಿಕೊಂಡಂತಿದೆ.

ಈ ಸಾಲಿನಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಮೊದಲರ್ಧ ವಿಮಾ ಕಂಪನಿಯ ಹಣದ ಬಗ್ಗೆ, ಎರಡನೆಯದು ಗುತ್ತಿಗೆದಾರನ ಸ್ವಂತ ಹಣದ ಬಗ್ಗೆ. ಹೊಣೆಗಾರಿಕೆಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಕಾನೂನಿನಂತೆ ಹೇಗೂ ನಿಮ್ಮ ಮೇಲೆ ಬರುತ್ತಿದ್ದ ಹೊಣೆಗೆ ಮಾತ್ರ ರಕ್ಷಣೆ, ಅದನ್ನು ಮೀರಿ ಒಪ್ಪಂದದಲ್ಲಿ ನೀವಾಗಿಯೇ ತಲೆಗೆ ಕಟ್ಟಿಕೊಂಡ ಹೊಣೆಗೆ ಇಲ್ಲ. ಹಾಗಾಗಿ “ಯಾವ ಹಾನಿಯಾದರೂ” ಎಂದು ಬರೆದ ಕೂಡಲೇ ಹೊಣೆ ಹಿಗ್ಗುತ್ತದೆ, ವಿಮೆ ಇದ್ದಲ್ಲೇ ಉಳಿಯುತ್ತದೆ.

ನಾನು ಕಂಡ ಒಂದು ಪ್ರಕರಣ ಹೇಳುತ್ತೇನೆ. ಎರಡು ಅಂತಸ್ತಿನ ಮನೆ, ನಿವೇಶನದ ಅಂಚಿಗೆ ಹೊಂದಿಕೊಂಡು ನೆರೆಯವರ ಹಳೆಯ ಗೋಡೆ. ಗುತ್ತಿಗೆದಾರ ತಳಪಾಯಕ್ಕೆ ಸುಮಾರು ಎರಡು ಮೀಟರ್ ಅಗೆಸಿದರು. ನೆರೆಯ ಗೋಡೆಯ ತಳಪಾಯ ಅಷ್ಟು ಆಳಕ್ಕೆ ಇಳಿದಿರಲಿಲ್ಲ. ಮಣ್ಣು ಗಟ್ಟಿ ಮಾಡುವ ಕಂಪನ ಯಂತ್ರ ಓಡಿದ ನಾಲ್ಕನೆಯ ದಿನ ಆ ಗೋಡೆಯಲ್ಲಿ ಮೆಟ್ಟಿಲಿನಾಕಾರದ ಬಿರುಕು ಮೂಡಿತು, ಒಳಗಡೆ ಗಾರೆ ಉದುರಿತು, ಕೆಲವು ಟೈಲ್ಸ್ ಸೀಳಿದವು. ಗೋಡೆ ಬೀಳಲಿಲ್ಲ. ಪರಿಶೀಲಿಸಿದ ಎಂಜಿನಿಯರ್ ಕಟ್ಟಡದ ಭದ್ರತೆಗೆ ಅಪಾಯವಿಲ್ಲ ಎಂದು ಬರೆದುಕೊಟ್ಟರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಆದರೆ ಕ್ಲೇಮು ಬಿದ್ದುಹೋದದ್ದು ಆ ಕಾಗದದಿಂದಲೇ.

ಅವರ ಬಳಿ ಇದ್ದದ್ದು ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್ ಪಾಲಿಸಿ. ಅದರ ಮೊದಲ ಭಾಗ ಕಟ್ಟುತ್ತಿರುವ ಕೆಲಸಕ್ಕೇ ಆಗುವ ಹಾನಿಯದು, ಎರಡನೆಯದು ಮೂರನೆಯವರಿಗೆ ಆಗುವ ಹಾನಿಯ ಹೊಣೆಯದು. ಹೆಸರಿನಲ್ಲಿ ‘ಆಲ್ ರಿಸ್ಕ್ಸ್’ ಇದ್ದರೂ ಎರಡನೆಯ ಭಾಗದಿಂದ ಕಂಪನ, ಆಧಾರ ತೆಗೆದದ್ದು, ಆಧಾರ ದುರ್ಬಲಗೊಂಡದ್ದು ಇವುಗಳಿಂದಾದ ಹಾನಿ ಮೂಲತಃ ಹೊರಗೆ. ಬೇಕಾದವರು ಹೆಚ್ಚುವರಿ ಪ್ರೀಮಿಯಂ ಕೊಟ್ಟು ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯ ಷರತ್ತನ್ನು ಬದಲಿಸುವ ಪುರವಣಿ, ಸೇರಿಸಿಕೊಳ್ಳಬೇಕು. ಜರ್ಮನಿಯ ಮರುವಿಮಾ ಸಂಸ್ಥೆ ಮ್ಯೂನಿಕ್ ರೀಯ ಮಾದರಿ ಪದಗಳನ್ನು ಅನುಸರಿಸುವ ಪಾಲಿಸಿಗಳಲ್ಲಿ ಅದರ ಸಂಖ್ಯೆ 120. ನಮ್ಮ ಗುತ್ತಿಗೆದಾರರು ಜಾಣರು, ಅದನ್ನೂ ಕೊಂಡಿದ್ದರು.

ಕೊಂಡಿದ್ದರು, ಓದಿರಲಿಲ್ಲ. 120 ರಕ್ಷಣೆ ಕೊಡುವುದು ನೆರೆಯ ಕಟ್ಟಡ ಪೂರ್ತಿಯಾಗಿ ಅಥವಾ ಭಾಗಶಃ ಕುಸಿದರೆ. ಕಟ್ಟಡದ ಭದ್ರತೆಗೆ ಧಕ್ಕೆ ತರದ, ಒಳಗಿರುವವರಿಗೆ ಅಪಾಯ ಒಡ್ಡದ ಮೇಲ್ಮೈ ಹಾನಿಯನ್ನು ಅದು ಸ್ಪಷ್ಟವಾಗಿ ಹೊರಗಿಡುತ್ತದೆ. ಕೆಲಸದ ಸ್ವರೂಪ ನೋಡಿದರೆ ಆಗಿಯೇ ತೀರುತ್ತದೆ ಎಂದು ಮೊದಲೇ ಊಹಿಸಬಹುದಾದ ಹಾನಿಯೂ ಹೊರಗೆ. ಇದಲ್ಲದೆ, ಕೆಲಸ ಶುರುವಾಗುವ ಮುಂಚೆ ನೆರೆಯ ಕಟ್ಟಡ ಗಟ್ಟಿಮುಟ್ಟಾಗಿರಬೇಕು, ಮುನ್ನೆಚ್ಚರಿಕೆಗಳನ್ನು ಕೈಗೊಂಡಿರಬೇಕು. ಕಂಪನಿ ಕೇಳಿದರೆ ಕಟ್ಟಡದ ಆಗಿನ ಸ್ಥಿತಿಯ ವರದಿಯನ್ನು ಗುತ್ತಿಗೆದಾರನೇ ತನ್ನ ಖರ್ಚಿನಲ್ಲಿ ಮಾಡಿಸಿ ಕೊಡಬೇಕು. ಅಂಥ ವರದಿ ಇವರ ಬಳಿ ಇರಲಿಲ್ಲ. ಬಿರುಕುಗಳಲ್ಲಿ ಕೆಲವು ಹಳೆಯವು ಎಂದು ಇವರಿಗೆ ಖಚಿತವಿತ್ತು, ತೋರಿಸಲು ಮಾತ್ರ ಒಂದು ಫೋಟೊ ಇಲ್ಲ. ಮನೆಯ ಮಾಲೀಕರು ಪ್ರಸ್ತಾವನೆಯ ಕೊನೆಯ ಪುಟ ತೆಗೆದು ಆ ಸಾಲಿನ ಮೇಲೆ ಬೆರಳಿಟ್ಟರು. ಗಾರೆ, ಟೈಲ್ಸ್, ಬಣ್ಣ ಎಲ್ಲದರ ಖರ್ಚೂ ಗುತ್ತಿಗೆದಾರರ ಜೇಬಿನಿಂದ ಹೋಯಿತು.

ಇಲ್ಲಿ ವಿಮಾ ಕಂಪನಿ ಮೋಸ ಮಾಡಿತು ಎಂದು ಹೇಳಲು ನನಗೆ ಮನಸ್ಸಾಗುವುದಿಲ್ಲ. ಪಾಲಿಸಿಯಲ್ಲಿ ಇದ್ದದ್ದನ್ನೇ ಅದು ಹೇಳಿತು. ಪಾಲಿಸಿಯಲ್ಲಿ ಇಲ್ಲದ್ದನ್ನು ಹೇಳಿದ್ದು ಪ್ರಸ್ತಾವನೆ.

ನಾವು ಮುಂದಿನ ಕೆಲಸಕ್ಕೆ ಆ ಸಾಲನ್ನು ಕಿತ್ತು ಹೀಗೆ ಬರೆದೆವು: “ಈ ಕಾಮಗಾರಿಗೆ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ಸ್ ಪಾಲಿಸಿಯನ್ನು ಕೆಲಸ ಆರಂಭಿಸುವ ಮೊದಲು ಪಡೆದು, ಷರತ್ತುಗಳ ಸಮೇತ ಪ್ರತಿಯನ್ನು ಮಾಲೀಕರಿಗೆ ಕೊಡುತ್ತೇವೆ. ಅಗೆತದಿಂದ ಪಕ್ಕದ ಕಟ್ಟಡ ಕುಸಿದರೆ ಉಂಟಾಗುವ ಹೊಣೆಗೆ ರಕ್ಷಣೆ ಇದೆ. ಭದ್ರತೆಗೆ ಧಕ್ಕೆ ತರದ ಬಿರುಕುಗಳಿಗೆ ಇಲ್ಲ. ಅಂಥ ಬಿರುಕುಗಳ ದುರಸ್ತಿಗೆ ದರಪಟ್ಟಿಯಲ್ಲಿ ಪ್ರತ್ಯೇಕ ಮೊತ್ತ ತೋರಿಸಿದ್ದೇವೆ. ಅಗೆತಕ್ಕೆ ಮುಂಚೆ ಪಕ್ಕದ ಕಟ್ಟಡದ ಸ್ಥಿತಿಯನ್ನು ನೆರೆಯವರ ಸಮ್ಮುಖದಲ್ಲಿ ದಾಖಲಿಸಿ ಸಹಿ ಪಡೆಯುತ್ತೇವೆ.” ಪಾಲಿಸಿಯ ಸಂಖ್ಯೆ, ಅವಧಿ, ಒಂದು ಘಟನೆಗೆ ಸಿಗುವ ಗರಿಷ್ಠ ಮೊತ್ತ, ಪ್ರತಿ ಕ್ಲೇಮಿನಲ್ಲಿ ಗುತ್ತಿಗೆದಾರ ತಾನೇ ಭರಿಸಬೇಕಾದ ಮೊದಲ ಪಾಲು ಇಷ್ಟೂ ಅದರ ಕೆಳಗೆ ಬಂದವು. ವಿಮೆ ಇದೆ ಎಂಬ ಒಂದು ಪುಟದ ಪ್ರಮಾಣಪತ್ರ ಲಗತ್ತಿಸಿ ಸುಮ್ಮನಾಗುವವರಿದ್ದಾರೆ. ಯಾವುದು ಹೊರಗಿದೆ ಎಂಬುದು ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಮೊತ್ತದ ವಿಷಯದಲ್ಲಿ ಇನ್ನೊಂದು ತಪ್ಪು ಪದೇ ಪದೇ ನೋಡುತ್ತೇನೆ. ಪಾಲಿಸಿಯ ಮೊದಲ ಭಾಗಕ್ಕೆ ಗುತ್ತಿಗೆಯ ಮೊತ್ತವನ್ನಷ್ಟೇ ಬರೆಯುತ್ತಾರೆ, ಮಾಲೀಕರು ತಾವೇ ತಂದುಕೊಡುವ ಉಕ್ಕು, ಬಾಗಿಲು, ಟೈಲ್ಸ್ ಸೇರಿಸುವುದಿಲ್ಲ. ಗುತ್ತಿಗೆ 100 ಎಂದುಕೊಳ್ಳಿ, ಮಾಲೀಕರ ಸಾಮಗ್ರಿ 25. ವಿಮೆ ಮಾಡಿಸಬೇಕಾದದ್ದು 125, ಮಾಡಿಸಿದ್ದು 100, ಅಂದರೆ ಐದರಲ್ಲಿ ನಾಲ್ಕು ಪಾಲು. ಆಗ ಪ್ರತಿಯೊಂದು ಹಾನಿಯೂ ಅದೇ ಅನುಪಾತದಲ್ಲಿ ಇಳಿಯುತ್ತದೆ: 10ರಷ್ಟು ಹಾನಿಯಾದರೆ ಲೆಕ್ಕಕ್ಕೆ ಬರುವುದು 8. ಮೇಲೆ ಹೇಳಿದ ಮೊದಲ ಪಾಲಿನ ಕಡಿತ ಬೇರೆ. ಹಾನಿ ಸಣ್ಣದು, ವಿಮೆ 100ಕ್ಕಿದೆ, ಪೂರ್ತಿ ಸಿಗುತ್ತದೆ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಆದ್ದರಿಂದ ಮಾಲೀಕರು ತರುವ ಸಾಮಗ್ರಿಯ ಮೌಲ್ಯವನ್ನು ಪ್ರಸ್ತಾವನೆಯ ಹಂತದಲ್ಲೇ ಲಿಖಿತವಾಗಿ ಕೇಳಿ. ಕೆಲಸದ ನಡುವೆ ಅದು ಹೆಚ್ಚಿದರೆ ಕಂಪನಿಗೆ ತಿಳಿಸಿ ವಿಮಾ ಮೊತ್ತ ಏರಿಸಬೇಕು.

ಕೂಲಿಕಾರರ ಬಗ್ಗೆ ಒಂದು ಮಾತು. ಮೂರನೆಯವರು ಎಂಬ ಪದದೊಳಗೆ ನಿಮ್ಮ ಕೆಲಸಗಾರರು ಬರುವುದಿಲ್ಲ, ಅವರಿಗೆ ಪ್ರತ್ಯೇಕ ಪಾಲಿಸಿ ಬೇಕು. ಉಪಗುತ್ತಿಗೆಯವರ ಆಳುಗಳು ಯಾರ ಪಾಲಿಸಿಯಲ್ಲಿದ್ದಾರೆ ಎಂಬುದನ್ನು ಹೆಸರಿಸಿ ಬರೆಯಿರಿ.

ಅವಧಿಯೂ ಕೈಕೊಡುತ್ತದೆ. ಪಾಲಿಸಿಯಲ್ಲಿ ಬರೆದ ದಿನಾಂಕಕ್ಕೆ ರಕ್ಷಣೆ ಮುಗಿಯುತ್ತದೆ, ಕೆಲಸ ಮುಗಿದಿರಲಿ ಬಿಡಲಿ. ಮಾಲೀಕರು ಪೂರ್ತಿಯಾದ ಭಾಗವನ್ನು ಬಳಸಲು ಶುರುಮಾಡಿದರೆ ಆ ಭಾಗಕ್ಕೆ ಅದಕ್ಕೂ ಮೊದಲೇ ಮುಗಿಯುತ್ತದೆ. ಪ್ರಸ್ತಾವನೆಯಲ್ಲಿ ಒಂದು ವರ್ಷ ದೋಷ ಸರಿಪಡಿಸುವ ಭರವಸೆ ಕೊಟ್ಟಿದ್ದರೆ ಆ ವರ್ಷಕ್ಕೆ ಬೇರೆ ಎಂಡಾರ್ಸ್‌ಮೆಂಟ್ ಬೇಕು, ಅದರಲ್ಲೂ ಎರಡು ಬಗೆ. ಮ್ಯೂನಿಕ್ ರೀ ಮಾದರಿಯ 003 ನೀವು ದುರಸ್ತಿಗೆ ಬಂದಾಗ ನಿಮ್ಮ ಕೈಯಿಂದ ಕೆಲಸಕ್ಕೆ ಆದ ಹಾನಿಗೆ ಮಾತ್ರ. 004 ಅದರ ಜೊತೆಗೆ, ಕಟ್ಟುವಾಗ ನಿವೇಶನದಲ್ಲೇ ಹುಟ್ಟಿದ ಕಾರಣದಿಂದ ಆಮೇಲೆ ಆದ ಹಾನಿಗೂ ಅನ್ವಯಿಸುತ್ತದೆ. ಯಾವುದನ್ನು ಕೊಂಡಿದ್ದೀರೋ ಅದನ್ನೇ ಬರೆಯಿರಿ.

ಹೊಸ ಪ್ರಸ್ತಾವನೆ ಓದಿದ ಮಾಲೀಕರೊಬ್ಬರು ನಮ್ಮ ಗುತ್ತಿಗೆದಾರರನ್ನು ಕೇಳಿದರಂತೆ: “ಬೇರೆಯವರು ಎಲ್ಲಕ್ಕೂ ವಿಮೆ ಇದೆ ಎನ್ನುತ್ತಾರೆ, ನೀವೇಕೆ ಬಿರುಕಿಗೆ ಇಲ್ಲ ಎನ್ನುತ್ತೀರಿ?” ಇವರು ಪಾಲಿಸಿಯ ಪ್ರತಿ ತೆಗೆದು 120ರ ಪುಟ ತೋರಿಸಿ, “ಅವರ ಪಾಲಿಸಿಯಲ್ಲೂ ಈ ಪುಟ ತರಿಸಿಕೊಂಡು ಓದಿ” ಎಂದರಂತೆ.