ಬಟವಾಡೆ ಪುಸ್ತಕದಿಂದ ಬಂದ ಹೆಡ್‌ಲೈನ್

ಹಾಸನದಲ್ಲಿ ಇಂಜಿನಿಯರಿಂಗ್ ಓದುವ ಹುಡುಗರಿಗೆ ರೆಸ್ಯೂಮೆ, ಲಿಂಕ್ಡ್‌ಇನ್ ಪ್ರೊಫೈಲ್ ತಿದ್ದಿಕೊಡುವುದು ನನ್ನ ಕೆಲಸ. ಹೋದ ಸಲ ಬಂದವಳು ಮೂಡಿಗೆರೆ ಕಡೆಯ ಹುಡುಗಿ. ಕಂಪ್ಯೂಟರ್ ಸೈನ್ಸ್, ಆರನೇ ಸೆಮಿಸ್ಟರ್. ಪ್ರೊಫೈಲಿನಲ್ಲಿ ಹೆಸರಿನ ಕೆಳಗೆ ಕಾಣುವ ಅವಳ ಹೆಡ್‌ಲೈನ್ ಹೀಗಿತ್ತು: "ಆಸ್ಪೈರಿಂಗ್ ಡೇಟಾ ಸೈಂಟಿಸ್ಟ್ | ಪ್ಯಾಶನೇಟ್ ಲರ್ನರ್ | ಪೈಥಾನ್ | ಜಾವಾ | ಸಿ | ಮಷಿನ್ ಲರ್ನಿಂಗ್". (ಪ್ರೊಫೈಲ್ ಇಂಗ್ಲಿಷಿನಲ್ಲೇ ಇರುತ್ತದೆ, ಓದಲು ಸುಲಭವಾಗಲಿ ಅಂತ ಇಲ್ಲಿ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ.)

"ಏನಮ್ಮ, ಇದರಲ್ಲಿ ನೀನು ಎಲ್ಲಿದ್ದೀಯ?" ಅಂದೆ. "ಸರ್, ಅನುಭವ ಏನೂ ಇಲ್ವಲ್ಲ, ಎಲ್ಲರೂ ಬರೆಯೋದನ್ನೇ ಬರೆದೆ" ಅಂದಳು.

ರಜೆಯಲ್ಲಿ ಏನು ಮಾಡ್ತೀಯ ಅಂತ ಕೇಳಿದಾಗ ಮಾತು ಬೇರೆ ದಾರಿ ಹಿಡಿಯಿತು. ಅವರದು ಸಣ್ಣ ಕಾಫಿ ತೋಟ. ಕೊಯ್ಲಿನ ಕಾಲದಲ್ಲಿ ಸುಮಾರು 35 ಜನ ಕೆಲಸಕ್ಕೆ ಬರುತ್ತಾರೆ. ಕೂಲಿ ಕೆಜಿ ಲೆಕ್ಕದಲ್ಲಿ, ವಾರಕ್ಕೊಮ್ಮೆ ಬಟವಾಡೆ. ಯಾರು ಎಷ್ಟು ಕೊಯ್ದರು, ಯಾರು ಅಡ್ವಾನ್ಸ್ ತಗೊಂಡರು, ಎಲ್ಲ ಅಪ್ಪನ ನೋಟ್‌ಬುಕ್ಕಿನಲ್ಲಿ. ಬಟವಾಡೆಯ ಹಿಂದಿನ ರಾತ್ರಿ ಮೂರು ಗಂಟೆ ಕೂತು ಕೂಡುತ್ತಿದ್ದರಂತೆ. ಇವಳು ಅದನ್ನು ಎಕ್ಸೆಲ್‌ಗೆ ಹಾಕಿ, `SUMIFS` ಬಳಸಿ ಒಬ್ಬೊಬ್ಬರ ವಾರದ ಮೊತ್ತ ತಾನೇ ಬರುವಂತೆ ಮಾಡಿದ್ದಳು. ಈಗ ಅರ್ಧ ಗಂಟೆ ಸಾಕು. "ಅದು ಮನೆ ಕೆಲಸ ಅಲ್ವಾ ಸರ್?" ಅಂತ ನನ್ನನ್ನೇ ಕೇಳಿದಳು!

ಹೆಡ್‌ಲೈನ್‌ಗೆ 220 ಅಕ್ಷರದವರೆಗೆ ಜಾಗ ಇದೆ. ಆದರೆ ಮೊಬೈಲಿನ ಹುಡುಕಾಟದಲ್ಲಿ, ಕಾಮೆಂಟಿನ ಕೆಳಗೆ, ಅದರ ಮೊದಲ ತುಣುಕು ಮಾತ್ರ ಕಾಣುತ್ತದೆ. ಅದಕ್ಕೇ ಬೇಕಾದ ಕೆಲಸದ ಹೆಸರು ಮೊದಲೇ ಬರಬೇಕು. ರಿಕ್ರೂಟರ್ ಹುಡುಕುವುದು ಕೆಲಸದ ಹೆಸರು, ಸ್ಕಿಲ್, ಊರು ಹಾಕಿ. "ಪ್ಯಾಶನೇಟ್" ಅಂತ ಟೈಪ್ ಮಾಡಿ ಯಾರೂ ಹುಡುಕುವುದಿಲ್ಲ. "ಡೇಟಾ ಅನಲಿಸ್ಟ್" ಅಂತಷ್ಟೇ ಬರೆದರೆ ಆಗಲೇ ಆ ಕೆಲಸದಲ್ಲಿ ಇದ್ದ ಹಾಗೆ ಕೇಳುತ್ತದೆ, ಪಕ್ಕದಲ್ಲಿ "ಇಂಟರ್ನ್‌ಶಿಪ್" ಇರಲೇಬೇಕು. ಕೊನೆಗೆ ಉಳಿದದ್ದು ಇದು:

"ಡೇಟಾ ಅನಲಿಸ್ಟ್ ಇಂಟರ್ನ್‌ಶಿಪ್ ಫ್ರಮ್ ಜುಲೈ | ಎಕ್ಸೆಲ್, ಎಸ್‌ಕ್ಯೂಎಲ್ | ಬಿಲ್ಟ್ ವೀಕ್ಲಿ ವೇಜ್ ಶೀಟ್ ಫಾರ್ 35 ಕಾಫಿ ಪಿಕರ್ಸ್ | ಸಿಎಸ್‌ಇ 6ತ್ ಸೆಮ್, ಹಾಸನ್"

ಇಂಗ್ಲಿಷಿನಲ್ಲಿ ಇದು ಸುಮಾರು 115 ಅಕ್ಷರ. ಜಾಗ ಉಳಿಯಿತು ಅಂತ ತುಂಬಿಸಬೇಕಿಲ್ಲ. ಜುಲೈ ಕಳೆದ ಮೇಲೆ ಬದಲಾಯಿಸಬೇಕು, ಅಷ್ಟೇ.

ಪೈಥಾನ್, ಜಾವಾ, ಸಿ, ಮಷಿನ್ ಲರ್ನಿಂಗ್ ಯಾಕೆ ತೆಗೆದೆ? ಶುರುವಿನಲ್ಲಿ ನಾನೂ ಹುಡುಗರ ಪ್ರೊಫೈಲಿಗೆ ಹತ್ತು ಹನ್ನೆರಡು ಸ್ಕಿಲ್ ತುರುಕಿಸುತ್ತಿದ್ದೆ. ಒಬ್ಬನಿಗೆ ಸಂದರ್ಶನದಲ್ಲಿ ಜಾವಾದ ಒಂದೇ ಪ್ರಶ್ನೆ ಕೇಳಿದರು, ಅವನು ಸುಮ್ನೆ ಕೂತ. ಆಮೇಲೆ ಬಂದ ಉತ್ತರಗಳನ್ನೂ ಅವರು ನಂಬಲಿಲ್ಲ. ಅದು ನನ್ನ ತಪ್ಪೇ. ಈಗ ಒಂದೊಂದು ಸ್ಕಿಲ್‌ಗೂ "ಇದರಲ್ಲಿ ಏನು ಮಾಡಿದ್ದೀಯ?" ಅಂತ ನಾನೇ ಕೇಳುತ್ತೇನೆ. ಉತ್ತರ ಬರದಿದ್ದರೆ ತೆಗೆಸುತ್ತೇನೆ. ಎಸ್‌ಕ್ಯೂಎಲ್ ಉಳಿಯಿತು, ಲ್ಯಾಬಿನಲ್ಲಿ ಅವಳೇ ಟೇಬಲ್ ಕಟ್ಟಿ ಕ್ವೆರಿ ಬರೆದಿದ್ದಳು.

ಸಮರಿ ಇರುವುದು ಅಬೌಟ್ ವಿಭಾಗದಲ್ಲಿ. ಅಲ್ಲಿ 2,600 ಅಕ್ಷರಕ್ಕೆ ಜಾಗವಿದ್ದರೂ ಮೊದಲ ಎರಡು ಮೂರು ಸಾಲಷ್ಟೇ ಕಾಣುತ್ತದೆ, ಉಳಿದದ್ದಕ್ಕೆ ಒತ್ತಬೇಕು. ಅವಳದು "ಐ ಆಮ್ ಎ ಹಾರ್ಡ್‌ವರ್ಕಿಂಗ್ ಸ್ಟೂಡೆಂಟ್" ಅಂತ ಶುರುವಾಗಿತ್ತು. ನಾವು ಬರೆದದ್ದರ ಅರ್ಥ ಹೀಗಿದೆ:

"ನಮ್ಮ ಕಾಫಿ ತೋಟದಲ್ಲಿ 35 ಜನರ ವಾರದ ಕೂಲಿ ಲೆಕ್ಕ ನೋಟ್‌ಬುಕ್ಕಿನಲ್ಲಿತ್ತು. ಅದನ್ನು ಎಕ್ಸೆಲ್‌ಗೆ ತಂದೆ. ಮೂರು ಗಂಟೆಯ ಕೆಲಸ ಅರ್ಧ ಗಂಟೆಗೆ ಇಳಿಯಿತು. ಕಾಲೇಜಿನಲ್ಲಿ ಎಸ್‌ಕ್ಯೂಎಲ್ ಕಲಿತಿದ್ದೇನೆ, ಈಗ ಇದೇ ಲೆಕ್ಕವನ್ನು ಡೇಟಾಬೇಸಿಗೆ ಹಾಕುತ್ತಿದ್ದೇನೆ. ಜುಲೈಯಿಂದ ಡೇಟಾ ಕೆಲಸದ ಇಂಟರ್ನ್‌ಶಿಪ್ ಬೇಕು. ಬೆಂಗಳೂರಿಗೂ ಬರುತ್ತೇನೆ."

ಇಷ್ಟೇ. "ಪೇರೋಲ್ ಮ್ಯಾನೇಜರ್" ಅಂತ ದೊಡ್ಡದು ಮಾಡೋಣ ಅಂತ ಅವಳ ಗೆಳತಿ ಹೇಳಿದ್ದಳಂತೆ. ಬೇಡ ಅಂದೆ. ಆ ಪದ ಓದಿದವರು ಪಿಎಫ್, ಇಎಸ್‌ಐ ಬಗ್ಗೆ ಕೇಳುತ್ತಾರೆ, ಇವಳು ಮಾಡಿದ್ದು ಅದಲ್ಲ. ಲೊಕೇಶನ್ ಕೂಡ ಹಾಸನ ಅಂತಲೇ ಇರಲಿ ಅಂದೆ. ಬೆಂಗಳೂರನ್ನು "ಓಪನ್ ಟು ವರ್ಕ್" ಸೆಟ್ಟಿಂಗಿನಲ್ಲಿ ಬೇಕಾದ ಊರುಗಳ ಪಟ್ಟಿಗೆ ಸೇರಿಸಿ, ಕೆಲಸದ ಬಗೆಯಲ್ಲಿ ಇಂಟರ್ನ್‌ಶಿಪ್ ಆರಿಸಿದರೆ ಆಯಿತು.

ಶೀಟನ್ನು ಪ್ರೊಫೈಲಿಗೆ ಹಾಕುವ ಆಸೆ ಅವಳಿಗೆ. ಅದರಲ್ಲಿ ಕೆಲಸದವರ ಹೆಸರು, ಸಾಲ, ಎಲ್ಲ ಇತ್ತು. ಸುಳ್ಳು ಹೆಸರು, ಬೇರೆ ಅಂಕಿ ಹಾಕಿದ ಒಂದು ಪ್ರತಿ ಮಾಡಿಸಿ ಅದರ ಲಿಂಕ್ ಕೊಡಿಸಿದೆ.

ಹೊರಡುವ ಮೊದಲು, ಸಂದರ್ಶನದಲ್ಲಿ ಕೇಳಬಹುದಾದ ಒಂದು ಪ್ರಶ್ನೆ ಹಾಕಿದೆ: "ನಿಮ್ಮ ಕೆಲಸದವರಲ್ಲಿ ಇಬ್ಬರು ಗಿರಿಜಾ ಇದ್ದರೆ `SUMIFS` ಏನು ಮಾಡುತ್ತೆ?" ಅವಳು ನಕ್ಕಳು. "ಇದ್ರು ಸರ್. ಮೊದಲ ವಾರ ಇಬ್ಬರ ಕೆಜಿಯೂ ಒಂದೇ ಲೆಕ್ಕಕ್ಕೆ ಸೇರಿ ಜಗಳವೇ ಆಯ್ತು. ಆಮೇಲೆ ಎಲ್ಲರಿಗೂ ನಂಬರ್ ಕೊಟ್ಟೆ." ಇದನ್ನೂ ಸಮರಿಯಲ್ಲಿ ಒಂದು ಸಾಲು ಬರಿ ಅಂದೆ.