ಹದಿನೈದು ನಿಮಿಷಕ್ಕೆ ಮೂರು ಕರೆ: ಪಾಯ್ಸಾನ್ ಲೆಕ್ಕದ ಹಿನ್ನೆಲೆ

ಬೆಂಗಳೂರಿನ ಹೆಲ್ಪ್ ಡೆಸ್ಕ್‌ಗಳಲ್ಲಿ ದಿನವನ್ನು 15 ನಿಮಿಷದ ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿನಲ್ಲಿ ಎಷ್ಟು ಕರೆ ಬಂದವು ಎಂದು ದಾಖಲಿಸುವ ರೂಢಿಯಿದೆ. ಆ ಪಟ್ಟಿಯ ಸುತ್ತ ನಡೆಯುವ ಚರ್ಚೆ ಸಾಮಾನ್ಯವಾಗಿ ಒಂದೇ ಕಡೆ ಗಂಟಾಗುತ್ತದೆ: ಸರಾಸರಿ ಮೂರು ಕರೆ ಬರುವ ಹೊತ್ತಿನಲ್ಲಿ ಏಳು ಕರೆ ಬಂದದ್ದೇಕೆ? ಹೊರವರ್ತುಲ ರಸ್ತೆಯ ಕಚೇರಿಯೊಂದರಲ್ಲಿ ನಾನು ಪಾಳಿಯ ರೋಸ್ಟರ್ ಹಾಕುತ್ತಿದ್ದಾಗ ಈ ಪ್ರಶ್ನೆ ಹೆಚ್ಚುಕಡಿಮೆ ಪ್ರತಿದಿನ ಏಳುತ್ತಿತ್ತು, ಪ್ರತಿದಿನವೂ ಅದಕ್ಕೆ ಹೊಸ ಕಾರಣವೊಂದನ್ನು ಹುಡುಕಿ ಬರೆಯಬೇಕಾಗುತ್ತಿತ್ತು. ಹಾಗೆ ಕಾರಣ ಹುಡುಕುವ ಅಗತ್ಯ ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ತಿಳಿಸುವ ಲೆಕ್ಕ ಸುಮಾರು ಇನ್ನೂರು ವರ್ಷ ಹಳೆಯದು.

ಫ್ರಾನ್ಸಿನ ಗಣಿತಜ್ಞ ಸಿಮಿಯೋನ್ ಡೆನಿ ಪಾಯ್ಸಾನ್ 1837ರಲ್ಲಿ ನ್ಯಾಯಾಲಯದ ತೀರ್ಪುಗಳ ಸಂಭವನೀಯತೆಯ ಬಗ್ಗೆ ಬರೆದ ಗ್ರಂಥದಲ್ಲಿ ಈ ಸೂತ್ರ ಬರುತ್ತದೆ. ಅಲ್ಲಿ ಅದಕ್ಕೆ ಸಿಕ್ಕಿದ್ದು ಸ್ವಲ್ಪವೇ ಜಾಗ, ಮುಂದಿನ ಅರವತ್ತು ವರ್ಷ ಅದನ್ನು ಬಳಸಿದವರೂ ಕಡಿಮೆ. 1898ರಲ್ಲಿ ಬೋರ್ಟ್‌ಕೀವಿಚ್ ಎಂಬ ಅರ್ಥಶಾಸ್ತ್ರಜ್ಞ ಪ್ರಷ್ಯಾದ ಅಶ್ವದಳದಲ್ಲಿ ಕುದುರೆಯ ಒದೆತದಿಂದ ಸತ್ತ ಸೈನಿಕರ ಸಂಖ್ಯೆಯನ್ನು ಇದೇ ಸೂತ್ರದೊಂದಿಗೆ ಹೋಲಿಸಿದರು. ಹತ್ತು ದಳಗಳ ಇಪ್ಪತ್ತು ವರ್ಷದ ದಾಖಲೆಯಲ್ಲಿ, ಅಂದರೆ 200 ನಮೂದುಗಳಲ್ಲಿ, 109ರಲ್ಲಿ ಒಂದು ಸಾವೂ ಇರಲಿಲ್ಲ. ಸೂತ್ರದ ಪ್ರಕಾರ ಇರಬೇಕಾದದ್ದು ಸುಮಾರು 108.7. ಒಂದೇ ವರ್ಷ ನಾಲ್ವರು ಸತ್ತ ದಳವೂ ಒಂದಿತ್ತು, ಅದನ್ನು ವಿವರಿಸಲೂ ವಿಶೇಷ ಕಾರಣವೇನೂ ಬೇಕಿರಲಿಲ್ಲ.

ದೂರವಾಣಿಗೆ ಈ ಲೆಕ್ಕವನ್ನು ತಂದವರು ಕೋಪನ್‌ಹೇಗನ್‌ನ ದೂರವಾಣಿ ಕಂಪನಿಯಲ್ಲಿದ್ದ ಅಗ್ನರ್ ಕ್ರಾರುಪ್ ಎರ್ಲಾಂಗ್. ಎಕ್ಸ್‌ಚೇಂಜಿಗೆ ಬರುವ ಕರೆಗಳ ಎಣಿಕೆ ಪಾಯ್ಸಾನ್ ವಿತರಣೆಯನ್ನು ಅನುಸರಿಸುತ್ತದೆ ಎಂದು ಅವರು 1909ರಲ್ಲಿ ತೋರಿಸಿದರು, 1917ರ ಲೇಖನದಲ್ಲಿ ಎಷ್ಟು ಲೈನುಗಳಿದ್ದರೆ ಎಷ್ಟು ಜನ ಕಾಯಬೇಕಾಗುತ್ತದೆ ಎಂಬ ಸೂತ್ರಗಳನ್ನು ಕೊಟ್ಟರು. ಇಂದಿನ ರೋಸ್ಟರ್ ತಂತ್ರಾಂಶಗಳ ಬೇರು ಅಲ್ಲಿದೆ.

ಎರ್ಲಾಂಗ್ ಅವರ ತರ್ಕವನ್ನು ನಮ್ಮ ಮೂರು ಕರೆಗಳಿಗೆ ಅನ್ವಯಿಸಿ ನೋಡೋಣ. 15 ನಿಮಿಷವೆಂದರೆ 900 ಸೆಕೆಂಡು. ಕರೆ ಮಾಡುವವರು ಬಹಳ ಮಂದಿ, ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿಲ್ಲ, ಯಾವ ಸೆಕೆಂಡಿಗೂ ವಿಶೇಷವಿಲ್ಲ ಎಂದುಕೊಂಡರೆ, ಯಾವುದೇ ಒಂದು ಸೆಕೆಂಡಿನಲ್ಲಿ ಕರೆ ಬರುವ ಸಾಧ್ಯತೆ 300ರಲ್ಲಿ 1. ಅಷ್ಟೂ ಸೆಕೆಂಡು ಫೋನು ಸುಮ್ಮನಿರಬೇಕಾದರೆ 299/300 ಎಂಬ ಸಂಖ್ಯೆಯನ್ನು 900 ಸಲ ಗುಣಿಸಬೇಕು, ಬರುವ ಉತ್ತರ ಸುಮಾರು ಶೇ. 5. ಸೆಕೆಂಡನ್ನು ಇನ್ನಷ್ಟು ಸಣ್ಣದಾಗಿ ಸೀಳುತ್ತ ಹೋದರೆ ಸಿಗುವುದೇ ಪಾಯ್ಸಾನ್ ಸೂತ್ರ. ಇಲ್ಲಿ λ ಎಂದರೆ ಸರಾಸರಿ, k ಎಂದರೆ ಕರೆಗಳ ಸಂಖ್ಯೆ, e ಎಂದರೆ ಸುಮಾರು 2.718 ಎಂಬ ಸ್ಥಿರಾಂಕ, k! ಎಂದರೆ 1ರಿಂದ kವರೆಗಿನ ಸಂಖ್ಯೆಗಳ ಗುಣಲಬ್ಧ:

```
P(k) = λ^k · e^(−λ) / k!
```

ಸೂತ್ರ ನೋಡಿ ಹಿಂಜರಿಯಬೇಕಿಲ್ಲ, ಕೈಯಲ್ಲೇ ಲೆಕ್ಕ ಮಾಡಬಹುದು. ಸೂತ್ರದ ಪ್ರಕಾರ ಸೊನ್ನೆ ಕರೆಯದು ಶೇ. 4.98, ಅದನ್ನು 3ರಿಂದ ಗುಣಿಸಿದರೆ ಒಂದು ಕರೆಯದು ಶೇ. 14.9, ಅದನ್ನು 3/2ರಿಂದ ಗುಣಿಸಿದರೆ ಎರಡರದು ಶೇ. 22.4; 3/3ರಿಂದ ಗುಣಿಸಿದರೆ ಮೂರರದೂ ಅಷ್ಟೇ. ಹೀಗೆ ಆರರವರೆಗೆ ಹೋಗಿ ಎಲ್ಲವನ್ನೂ ಕೂಡಿಸಿದರೆ, ಏಳು ಅಥವಾ ಅದಕ್ಕಿಂತ ಹೆಚ್ಚು ಕರೆಗಳಿಗೆ ಉಳಿಯುವುದು ಸುಮಾರು ಶೇ. 3.4. ಎಂಟು ಗಂಟೆಯ ಪಾಳಿಯಲ್ಲಿ ಇಂಥ 32 ತುಂಡುಗಳಿರುತ್ತವೆ. ಅಂದರೆ ಏನೂ ಕೆಡದಿದ್ದರೂ, ಯಾರೂ ತಪ್ಪದಿದ್ದರೂ, ಸರಾಸರಿ ಪಾಳಿಗೊಮ್ಮೆ ಏಳು ಅಥವಾ ಹೆಚ್ಚು ಕರೆ ಒಟ್ಟಿಗೆ ಬಂದೇ ಬರುತ್ತವೆ. ನಾನು ದಿನವೂ ಬರೆಯುತ್ತಿದ್ದ ಕಾರಣಗಳಲ್ಲಿ ಎಷ್ಟು ಅನಗತ್ಯವಾಗಿದ್ದವು ಎಂಬುದು ಈ ಒಂದು ಗುಣಾಕಾರ ಮಾಡಿದ ದಿನ ತಿಳಿಯಿತು, ಆ ವೇಳೆಗೆ ಹುಡುಗರು ಕೆಲವರು ಆ ಕಾರಣಗಳಿಗಾಗಿ ಮಾತು ಕೇಳಿಯಾಗಿತ್ತು.

ಹಾಗಾದರೆ ನಿಜವಾದ ತೊಂದರೆಯನ್ನು ಗುರುತಿಸುವುದು ಹೇಗೆ? ಪಾಯ್ಸಾನ್ ಎಣಿಕೆಗೆ ಒಂದು ವಿಶಿಷ್ಟ ಗುಣವಿದೆ: ಅದರ ವೇರಿಯನ್ಸ್, ಅಂದರೆ ಸರಾಸರಿಯಿಂದ ಇರುವ ಅಂತರಗಳ ವರ್ಗದ ಸರಾಸರಿ, ಆ ಸರಾಸರಿಗೇ ಸಮ. ಆದ್ದರಿಂದ ವೇರಿಯನ್ಸನ್ನು ಸರಾಸರಿಯಿಂದ ಭಾಗಿಸಿದರೆ 1ರ ಆಸುಪಾಸು ಬರಬೇಕು. ಒಂದು ಸಾಧಾರಣ ಸಂಜೆಯ ಎಂಟು ತುಂಡುಗಳ ಎಣಿಕೆ ಹೀಗಿತ್ತು: 3, 1, 4, 2, 5, 3, 0, 6. ಒಟ್ಟು 24, ಸರಾಸರಿ 3. ಅಂತರಗಳ ವರ್ಗಗಳನ್ನು ಕೂಡಿಸಿದರೆ 28, ಅದನ್ನು ತುಂಡುಗಳ ಸಂಖ್ಯೆಗಿಂತ ಒಂದು ಕಡಿಮೆಯಾದ 7ರಿಂದ ಭಾಗಿಸಿದರೆ 4, ಅನುಪಾತ 1.3. ಎಂಟೇ ತುಂಡುಗಳಿದ್ದಾಗ ಈ ಅನುಪಾತ ಬರೀ ಆಕಸ್ಮಿಕದಿಂದಲೇ 2ರವರೆಗೆ ಏರಬಹುದು, ಅದನ್ನು ದಾಟುವುದು ನೂರರಲ್ಲಿ ಐದು ಸಲ ಮಾತ್ರ. ಹಾಗಾಗಿ ಆ ಸಂಜೆಯ ಆರು ಕರೆಗಳಿಗೆ ಸಮಜಾಯಿಷಿ ಬೇಕಿರಲಿಲ್ಲ.

ಮೇ ತಿಂಗಳ ಇನ್ನೊಂದು ಸಂಜೆ ಗಾಳಿಮಳೆಗೆ ಮರ ಉರುಳಿ ನಗರದ ಒಂದು ಭಾಗಕ್ಕೆ ಕರೆಂಟ್ ಹೋಯಿತು, ಮನೆಯಿಂದ ಕೆಲಸ ಮಾಡುತ್ತಿದ್ದವರ ಸಂಪರ್ಕ ಒಮ್ಮೆಲೇ ಕಡಿದುಹೋಯಿತು. ಎಣಿಕೆ 1, 0, 2, 1, 9, 7, 3, 1. ಇದರ ಒಟ್ಟೂ 24, ಸರಾಸರಿಯೂ 3. ಸರಾಸರಿ ಮಾತ್ರ ನೋಡುವ ದಿನದ ವರದಿಯಲ್ಲಿ ಎರಡು ಸಂಜೆಗಳೂ ಒಂದೇ ಆಗಿ ಕಂಡವು. ಅನುಪಾತ ಮಾತ್ರ 3.5ಕ್ಕೆ ಏರಿತ್ತು. ಒಬ್ಬರ ಕರೆಗೂ ಇನ್ನೊಬ್ಬರ ಕರೆಗೂ ಸಂಬಂಧವಿಲ್ಲ ಎಂಬ ಷರತ್ತು ಅಂದು ಮುರಿದಿತ್ತು, ಏಕೆಂದರೆ ಒಂದೇ ಮರ ಹತ್ತಾರು ಜನರಿಂದ ಫೋನು ಮಾಡಿಸಿತ್ತು. ಸೋಮವಾರ ಬೆಳಗ್ಗೆ ಪಾಸ್‌ವರ್ಡ್ ಅವಧಿ ಮುಗಿದವರೆಲ್ಲ ಒಟ್ಟಿಗೆ ಕರೆ ಮಾಡುವುದು ಬೇರೆ ಬಗೆಯದು. ಅಲ್ಲಿ ಸರಾಸರಿಯೇ ಹೊತ್ತಿನಿಂದ ಹೊತ್ತಿಗೆ ಬದಲಾಗುತ್ತದೆ, ಹತ್ತು ಗಂಟೆಗೂ ಮೂರು ಗಂಟೆಗೂ ಒಂದೇ λ ಹಾಕಿದರೆ ಲೆಕ್ಕ ತಪ್ಪುತ್ತದೆ.

ಬೆಂಗಳೂರಿನಂಥ ಊರಿನಲ್ಲಿ ಇನ್ನೊಂದು ವಿಷಯ ಮುಖ್ಯವಾಗುತ್ತದೆ. 15 ನಿಮಿಷಕ್ಕೆ 12 ಕರೆ ಬರುವ ಡೆಸ್ಕನ್ನು ಕನ್ನಡ, ಹಿಂದಿ, ತಮಿಳು, ಇಂಗ್ಲಿಷ್ ಎಂದು ಮೂರು ಮೂರು ಕರೆಯ ನಾಲ್ಕು ಸಾಲುಗಳಾಗಿ ಒಡೆದರೆ ಕೆಲಸ ಅಷ್ಟೇ ಇರುತ್ತದೆ, ಏರಿಳಿತ ಮಾತ್ರ ಹೆಚ್ಚುತ್ತದೆ. ಏರಿಳಿತದ ಅಳತೆ ಸರಾಸರಿಯ ವರ್ಗಮೂಲ: 12ಕ್ಕೆ ಅದು ಸುಮಾರು 3.5, ಅಂದರೆ ಶೇ. 29, 3ಕ್ಕೆ 1.7, ಅಂದರೆ ಶೇ. 58. ಒಂದು ಸಾಲಿನವರು ಬಿಡುವಾಗಿರುವಾಗಲೇ ಪಕ್ಕದ ಸಾಲಿನಲ್ಲಿ ಜನ ಕಾಯುತ್ತಿರುತ್ತಾರೆ. ಕರೆ ಮಾಡಿದವರಿಗೆ ಅವರ ಭಾಷೆಯಲ್ಲೇ ಉತ್ತರ ಸಿಗಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಎರಡು ಮೂರು ಭಾಷೆ ಬಲ್ಲವರನ್ನು ಒಂದೇ ಸಾಲಿಗೆ ಕಟ್ಟಿಹಾಕುವ ರೋಸ್ಟರ್ ಈ ಏರಿಳಿತದ ಹೊರೆಯನ್ನೆಲ್ಲ ಅವರ ಮೇಲೇ ಹೇರುತ್ತದೆ.

ಮಳೆಯ ಸಂಜೆಯ ಪಟ್ಟಿಯಲ್ಲಿ ಮತ್ತೊಂದು ಸಂಗತಿ ಇತ್ತು. ಲೈನು ಸಿಗದೆ ಇಟ್ಟವರು ಮತ್ತೆ ಮತ್ತೆ ಡಯಲ್ ಮಾಡಿದ್ದರು, ಯಂತ್ರ ಅವನ್ನೆಲ್ಲ ಹೊಸ ಕರೆ ಎಂದೇ ಎಣಿಸಿತ್ತು. ಒಂದು ಗಂಟೆಯೊಳಗೆ ಅದೇ ನಂಬರಿನಿಂದ ಬಂದ ಕರೆಗಳನ್ನು ಒಂದಾಗಿ ಸೇರಿಸಿದಾಗ 9 ಇದ್ದದ್ದು 6, 7 ಇದ್ದದ್ದು 4, 3 ಇದ್ದದ್ದು 2 ಆಯಿತು, ಅನುಪಾತ 3.5ರಿಂದ 1.8ಕ್ಕೆ ಇಳಿಯಿತು. ಗದ್ದಲದ ಬಹುಪಾಲು ಬಂದದ್ದು ಮಳೆಯಿಂದಲ್ಲ, ಮೊದಲ ಸಲ ಫೋನು ಎತ್ತಲು ಆ ಹೊತ್ತಿನಲ್ಲಿ ಇನ್ನಿಬ್ಬರು ಇಲ್ಲದ್ದರಿಂದ.