ಪತ್ರದಿಂದ ಮೆಸೇಜ್‌ಗೆ: 127 ಅಕ್ಷರವನ್ನು 70ಕ್ಕೆ ಇಳಿಸುವುದು

ಕಚೇರಿ ಪತ್ರವನ್ನು ಎಸ್ಸೆಮ್ಮೆಸ್‌ಗೆ ಇಳಿಸುವ ಪಾಠಕ್ಕೆ ನಾನು ಮಾಡಿಕೊಂಡ ಟಿಪ್ಪಣಿ ಇದು. ಸಾರಾಂಶ ಬರೆಯುವುದು ಶಾಲೆಯಿಂದಲೇ ಗೊತ್ತಿತ್ತು. ಆದರೆ ಇಲ್ಲಿ ಲೆಕ್ಕ ಇರುವುದು ಪದಗಳದ್ದಲ್ಲ, ಅಕ್ಷರಗಳದ್ದು. ಜೊತೆಗೆ ತಾರೀಖು ಮತ್ತು ಮೊತ್ತ ಎರಡನ್ನೂ ಮುಟ್ಟುವಂತಿಲ್ಲ.

ಮೊದಲು ಮಿತಿ ಎಷ್ಟು ಅಂತ ನೋಡೋಣ. ‘ಎಸ್ಸೆಮ್ಮೆಸ್ ಅಂದ್ರೆ 160 ಅಕ್ಷರ’ ಅಂತ ತುಂಬ ಜನ ಹೇಳುತ್ತಾರೆ. ಅದು ಇಂಗ್ಲಿಷ್‌ಗೆ ಮಾತ್ರ. ಒಂದು ಮೆಸೇಜಿನಲ್ಲಿ ಇರುವ ಜಾಗ 140 ಬೈಟ್, ಅಂದರೆ 1120 ಬಿಟ್. ಮಾಮೂಲಿ ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಹಾಗಾಗಿ 160 ಹಿಡಿಸುತ್ತವೆ. ಕನ್ನಡದ ಒಂದೊಂದು ಚಿಹ್ನೆಗೂ 16 ಬಿಟ್ ಬೇಕು. 1120ನ್ನು 16ರಿಂದ ಭಾಗಿಸಿ: 70. ನಮಗೆ ಸಿಗುವುದು ಅಷ್ಟೇ.

70 ದಾಟಿದರೆ ಮೆಸೇಜ್ ಹೋಗುವುದಿಲ್ಲ ಅಂತಲ್ಲ. ಎರಡು ತುಂಡಾಗಿ ಹೋಗುತ್ತದೆ, ಎರಡು ಮೆಸೇಜಿನ ದುಡ್ಡು ಬೀಳುತ್ತದೆ. ಆ ತುಂಡುಗಳನ್ನು ಮತ್ತೆ ಜೋಡಿಸಲು ಪ್ರತಿ ತುಂಡಿನಲ್ಲೂ ಒಂದಿಷ್ಟು ಗುರುತಿನ ಮಾಹಿತಿ ಸೇರಬೇಕು. ಅದಕ್ಕೆ 6 ಬೈಟ್ ಹೋಗುತ್ತದೆ. ಆಗ ತುಂಡಿಗೆ 70 ಅಲ್ಲ, 67 ಮಾತ್ರ.

ಇನ್ನು ಕನ್ನಡದಲ್ಲಿ ‘ಒಂದು ಅಕ್ಷರ’ ಅಂದರೆ ಏನು? ಇಲ್ಲಿ ನಾವು ಎಲ್ಲರೂ ಎಡವಿದೆವು. ‘ಅಕ್ಷರ’ ಅನ್ನುವ ಪದವನ್ನೇ ತಗೊಳ್ಳಿ. ಕಣ್ಣಿಗೆ ಮೂರು: ಅ, ಕ್ಷ, ರ. ಫೋನಿಗೆ ಐದು: ಅ, ಕ, ಹಲಂತದ ಗುರುತು, ಷ, ರ. ಇಳಿ, ಗುಡಿಸು, ಕೊಂಬು, ಸೊನ್ನೆ, ಎಲ್ಲವೂ ಒಂದೊಂದು ಲೆಕ್ಕ. ಒತ್ತಕ್ಷರಕ್ಕೆ ಎರಡು, ಯಾಕೆಂದರೆ ಹಲಂತ ಬೇರೆ, ವ್ಯಂಜನ ಬೇರೆ. ‘ಸ್ತ್ರೀ’ ಕಣ್ಣಿಗೆ ಒಂದೇ, ಲೆಕ್ಕದಲ್ಲಿ ಆರು! ಖಾಲಿ ಜಾಗ, ಚುಕ್ಕೆ, ಅಂಕಿ ಕೂಡ ಒಂದೊಂದೇ. ಅಂದರೆ ಒಂದು ತೆಳ್ಳಗಿನ ಚುಕ್ಕೆಗೂ ‘ಕ’ಗೂ ಒಂದೇ ಬೆಲೆ.

ಈಗ ಪತ್ರ. ಒಂದು ಪತ್ತಿನ ಸಹಕಾರ ಸಂಘ ಸದಸ್ಯರಿಗೆ ಕಳಿಸುವ ನೋಟಿಸ್ ಅಂದುಕೊಳ್ಳಿ:

«ದಿನಾಂಕ: 30-03-2026. ಮಾನ್ಯರೇ, ವಿಷಯ: ಸಾಲದ ಮೂರನೇ ಕಂತು ಪಾವತಿಸುವ ಬಗ್ಗೆ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಾವು ನಮ್ಮ ಸಂಘದಿಂದ ಪಡೆದಿರುವ ರೂ. 48,000/- ಸಾಲದ ಮೂರನೇ ಕಂತಿನ ಬಾಬ್ತು ರೂ. 4,850/- (ನಾಲ್ಕು ಸಾವಿರದ ಎಂಟುನೂರ ಐವತ್ತು ರೂಪಾಯಿ ಮಾತ್ರ) ಗಳನ್ನು ದಿನಾಂಕ 15-04-2026ರ ಒಳಗಾಗಿ ಪಾವತಿಸಬೇಕೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ಸದರಿ 15ನೇ ತಾರೀಖಿನ ನಂತರ ಪಾವತಿಸಿದಲ್ಲಿ ರೂ. 100/- ದಂಡ ವಿಧಿಸಲಾಗುವುದು. ತಮ್ಮ ವಿಶ್ವಾಸಿ, ಕಾರ್ಯದರ್ಶಿ.»

ಕತ್ತರಿ ಹಿಡಿಯುವ ಮೊದಲು ಒಂದು ಕೆಲಸ ಇದೆ. ಪತ್ರದಲ್ಲಿ ತಾರೀಖು ಎರಡು, ಮೊತ್ತ ಮೂರು. ಯಾವುದು ಉಳಿಯಬೇಕು? 30-03-2026 ಪತ್ರ ಬರೆದ ದಿನ, ಸದಸ್ಯರಿಗೆ ಅದರಿಂದ ಏನೂ ಆಗಬೇಕಿಲ್ಲ. 48,000 ಹಳೆಯ ಸಾಲ, ಅದು ಅವರಿಗೇ ಗೊತ್ತು. ಅವರು ಏನಾದರೂ ಮಾಡಬೇಕಾಗಿರುವುದು 4,850 ಮತ್ತು 15-04-2026 ನೋಡಿಕೊಂಡು. ಪೆನ್ಸಿಲಿನಲ್ಲಿ ಈ ಎರಡಕ್ಕೆ ಸುತ್ತು ಹಾಕಿ, ಆಮೇಲೆ ಉಳಿದದ್ದಕ್ಕೆ ಕೈ ಹಾಕಿ. ನಾನು ಇಂಥದೇ ಒಂದು ಸಂಘದಲ್ಲಿ ಕೆಲಸ ಕಲಿಯುವಾಗ ಸುತ್ತು ಹಾಕದೆ ಗಡಿಬಿಡಿಯಲ್ಲಿ ಮೇಲಿನ ಸಾಲಿನ ತಾರೀಖನ್ನೇ ಮೆಸೇಜಿಗೆ ಇಳಿಸಿಬಿಟ್ಟಿದ್ದೆ. ಓದಿದವರಿಗೆ ಗಡುವು ಆಗಲೇ ಮುಗಿದಹಾಗೆ ಕಂಡಿತು. ಮಧ್ಯಾಹ್ನದವರೆಗೂ ‘ದಂಡ ಎಷ್ಟು ಬಿತ್ತು ಸಾರ್?’ ಅಂತ ಫೋನ್ ಮೇಲೆ ಫೋನ್.

ಮೊದಲ ಸಲ ಎಲ್ಲರೂ ಬರೆಯುವುದು ಸುಮಾರು ಹೀಗಿರುತ್ತದೆ:

«ಮಾನ್ಯರೇ, ತಮ್ಮ ಸಾಲದ ಮೂರನೇ ಕಂತು ರೂ. 4,850/- ಗಳನ್ನು ದಿನಾಂಕ 15-04-2026ರೊಳಗೆ ಪಾವತಿಸತಕ್ಕದ್ದು. ತಪ್ಪಿದಲ್ಲಿ ರೂ. 100/- ದಂಡ ವಿಧಿಸಲಾಗುವುದು.»

ನೋಡಲು ಚಿಕ್ಕದೇ. ಎಣಿಸಿದರೆ 127. ಎರಡು ಮೆಸೇಜ್. 67ಕ್ಕೆ ಸರಿಯಾಗಿ ಕತ್ತರಿಸಿದರೆ ಮೊದಲ ತುಂಡು ‘2026ರ’ ಅಂತ ಮುಗಿಯುತ್ತದೆ. ಎರಡನೇ ತುಂಡು ಬರೀ ‘ೊ’ ಚಿಹ್ನೆಯಿಂದ ಶುರುವಾಗುತ್ತದೆ, ಅದಕ್ಕೆ ಅಂಟಿಕೊಳ್ಳಲು ಅಕ್ಷರವೇ ಇಲ್ಲ. ಈಗಿನ ಫೋನ್‌ಗಳು ಸಾಮಾನ್ಯವಾಗಿ ಎರಡನ್ನೂ ಸೇರಿಸಿಯೇ ತೋರಿಸುತ್ತವೆ. ಆದರೆ ಒಂದು ತುಂಡು ತಡವಾದರೆ ಅಥವಾ ಬರದೇ ಹೋದರೆ ಓದುವವರ ಕೈಯಲ್ಲಿ ಅರ್ಧ ಮಾತು ಉಳಿಯುತ್ತದೆ.

ಈಗ ಒಂದೊಂದಾಗಿ ಇಳಿಸೋಣ. ‘ಮಾನ್ಯರೇ, ತಮ್ಮ’ ಹೋದರೆ 14 ಉಳಿತಾಯ, 113. ‘ಮೂರನೇ’ ಬದಲು ‘3ನೇ’, 111. ‘ರೂ.’ ನಂತರದ ಖಾಲಿ ಜಾಗ ಮತ್ತು ‘/-’ ತೆಗೆದರೆ 108. ಈ ‘/-’ ಕಾಗದದ ಮೇಲೆ ಹಾಕುವುದು ಯಾರೂ ಮುಂದೆ ಇನ್ನೊಂದು ಅಂಕಿ ಸೇರಿಸದಿರಲಿ ಅಂತ. ಮೆಸೇಜಿನಲ್ಲಿ ಯಾರು ಪೆನ್ನು ಹಿಡಿದು ಸೇರಿಸುತ್ತಾರೆ? ‘ಗಳನ್ನು’ ಮತ್ತು ‘ದಿನಾಂಕ’ ತಮ್ಮ ಖಾಲಿ ಜಾಗದ ಸಮೇತ ಏಳೇಳು, ಎರಡೂ ಹೋದರೆ 94.

ಇಲ್ಲಿವರೆಗೆ ಸುಲಭ. ಮುಂದಿನ ದೊಡ್ಡ ಉಳಿತಾಯ ಕ್ರಿಯಾಪದದಲ್ಲಿದೆ. ಪತ್ರದ ‘ಪಾವತಿಸಬೇಕೆಂದು ಈ ಮೂಲಕ ತಿಳಿಯಪಡಿಸಲಾಗಿದೆ’ 36 ಅಕ್ಷರ ನುಂಗುತ್ತದೆ. ‘ಪಾವತಿಸತಕ್ಕದ್ದು’ 14. ‘ಪಾವತಿಸಿ’ 7. ‘ಕಟ್ಟಿ’ ಐದೇ. ‘ಕಟ್ಟಿ’ ಒರಟು ಅಂತ ನಮ್ಮ ಗುಂಪಿನಲ್ಲಿ ಒಬ್ಬರು ವಾದ ಮಾಡಿದರು. ನನಗೆ ಹಾಗೆ ಅನಿಸುವುದಿಲ್ಲ. ಅದು ಬಹುವಚನ, ಮರ್ಯಾದೆಯ ರೂಪವೇ. ಕೌಂಟರಿನಲ್ಲಿ ನಾವು ಆಡುವ ಮಾತೂ ಅದೇ, ಅಲ್ವಾ? ‘ಕಟ್ಟಿ’ ಹಾಕಿದರೆ 85. ‘ವಿಧಿಸಲಾಗುವುದು’ ಪೂರ್ತಿ ತೆಗೆದರೆ 71, ‘ದಂಡ’ ಅಂದಮೇಲೆ ಉಳಿದದ್ದು ಅರ್ಥವಾಗುತ್ತದೆ. ದಂಡದ ರೂಪಾಯಿಗೂ ‘/-’ ಮತ್ತು ಖಾಲಿ ಜಾಗ ಬೇಡ, 68. ‘ತಪ್ಪಿದಲ್ಲಿ’ ಬದಲು ‘ತಡವಾದರೆ’, 65.

ಎಪ್ಪತ್ತರೊಳಗೆ ಬಂತು, ಐದು ಉಳಿಯಿತು. ಆ ಐದನ್ನು ಎಲ್ಲಿ ಖರ್ಚು ಮಾಡುವುದು? ‘ಮಾನ್ಯರೇ’ ಮತ್ತೆ ತರಲು ಸಾಲದು, ತರಬೇಕಾಗಿಯೂ ಇಲ್ಲ. ನಾನು ಅದನ್ನು ತಾರೀಖಿಗೆ ಕೊಡುತ್ತೇನೆ. ‘15-04-2026ರೊಳಗೆ’ ಅಂದರೆ 15 ಸೇರಿಯೋ, ಬಿಟ್ಟೋ? ಪತ್ರದಲ್ಲಿ ಅನುಮಾನ ಇಲ್ಲ, ‘15ನೇ ತಾರೀಖಿನ ನಂತರ’ ದಂಡ ಅಂತ ಮುಂದಿನ ವಾಕ್ಯ ಬಿಡಿಸಿ ಹೇಳುತ್ತದೆ. ಮೆಸೇಜಿನಲ್ಲಿ ಆ ವಾಕ್ಯ ಕರಗಿಹೋಯಿತು. ಏಪ್ರಿಲ್ 14 ಅಂಬೇಡ್ಕರ್ ಜಯಂತಿ, ರಜೆ. 15 ಸೇರಿಲ್ಲ ಅಂದುಕೊಂಡವರಿಗೆ 13ನೇ ತಾರೀಖೇ ಕೊನೆ. ಹಾಗಾಗಿ ‘ರೊಳಗೆ’ ಬಿಟ್ಟು ‘ಕೊನೆ ದಿನ’ ಅಂತ ಹಾಕಿ ವಾಕ್ಯವನ್ನು ಎರಡು ಮಾಡಿದೆ. ಅದಕ್ಕೆ ಸರಿಯಾಗಿ 5 ಅಕ್ಷರ ಜಾಸ್ತಿ ಬೇಕು:

```python
s = "ಸಾಲದ 3ನೇ ಕಂತು ರೂ.4,850 ಕಟ್ಟಿ. ಕೊನೆ ದಿನ 15-04-2026. ತಡವಾದರೆ ರೂ.100 ದಂಡ."
print(len(s))
```

ಉತ್ತರ 70. ಬೆರಳು ಮಡಚಿ ಎಣಿಸುವುದಕ್ಕಿಂತ ಹೀಗೆ ಎಣಿಸುವುದು ವಾಸಿ. ಕನ್ನಡ ಅಕ್ಷರಗಳಿಗೆ ಈ ಲೆಕ್ಕ ಸರಿಯಾಗಿ ಕೂರುತ್ತದೆ. ಎಮೋಜಿ ಹಾಕಿದರೆ ಮಾತ್ರ ಕೂರುವುದಿಲ್ಲ, ಸಾಮಾನ್ಯವಾಗಿ ಒಂದು ಎಮೋಜಿ ಎರಡು ಅಕ್ಷರದ ಜಾಗ ತಿನ್ನುತ್ತದೆ. ನಿಮಗೆ 71 ಬಂದು ತಲೆ ಕೆಟ್ಟರೆ, ಬೇರೆ ಕಡೆಯಿಂದ ಅಂಟಿಸಿದ ಪದದಲ್ಲಿ ಎರಡು ಅಕ್ಷರ ಒತ್ತಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಗುರುತು ಇದೆಯಾ ನೋಡಿ. ‘ಮಾರ್ಚ್‌ಗೆ’ ಥರದ ಪದಗಳಲ್ಲಿ ‘ಚ್’ಗೂ ‘ಗೆ’ಗೂ ನಡುವೆ ಅದು ಅಡಗಿ ಕೂತಿರುತ್ತದೆ. ಅದಕ್ಕೂ ಒಂದು ಲೆಕ್ಕ.

ತಾರೀಖನ್ನು ಇನ್ನೂ ಚಿಕ್ಕದು ಮಾಡಬಹುದಲ್ಲ ಅಂತ ಅನಿಸಬಹುದು. ‘ಏಪ್ರಿಲ್ 15’ ಎಣಿಸಿ ನೋಡಿ, 10 ಬರುತ್ತದೆ. ‘15-04-2026’ ಕೂಡ 10, ಅದರಲ್ಲಿ ವರ್ಷವೂ ಸಿಕ್ಕಿತು. ಆದರೆ ಗಡುವು 05-04 ಆಗಿದ್ದು, ಅಮೆರಿಕದಲ್ಲಿರುವ ಮಗ ಅಪ್ಪನ ಪರವಾಗಿ ಹಣ ಕಟ್ಟುವುದಿದ್ದರೆ, ಅವನು ಅದನ್ನು ಮೇ 4 ಅಂತ ಓದಿಕೊಳ್ಳಬಹುದು. ಅಂಥ ಕಡೆ ತಿಂಗಳ ಹೆಸರೇ ಒಳ್ಳೆಯದು. ‘ನಾಳೆ’, ‘ಬರುವ ಬುಧವಾರ’ ಮಾತ್ರ ಬೇಡವೇ ಬೇಡ. ಫೋನ್ ಆಫ್ ಆಗಿದ್ದವರಿಗೆ ಮೆಸೇಜ್ ಮರುದಿನ ತಲುಪಿದರೆ ಅವರ ‘ನಾಳೆ’ ಬೇರೆ.

ಮೊತ್ತಕ್ಕೂ ಇಂಥದೇ ಎಚ್ಚರ. ಪದಗಳಲ್ಲಿ ಬರೆದ ‘(ನಾಲ್ಕು ಸಾವಿರದ ಎಂಟುನೂರ ಐವತ್ತು ರೂಪಾಯಿ ಮಾತ್ರ)’ ಒಂದೇ 43 ಅಕ್ಷರ, ಅದನ್ನು ಬಿಡಲೇಬೇಕು. ಆದರೆ ಪತ್ರದಲ್ಲಿ ಅದು ಸುಮ್ನೆ ಇರಲಿಲ್ಲ, ಅಂಕಿ ತಪ್ಪಿದರೆ ಹಿಡಿಯುವ ಕಾವಲು ಅದು. ಕಾವಲು ಹೋಯಿತು ಅಂದಮೇಲೆ ಕಳಿಸುವ ಮೊದಲು ಪತ್ರ ಪಕ್ಕದಲ್ಲಿಟ್ಟುಕೊಂಡು ಅಂಕಿಯನ್ನು ಬಾಯಿಬಿಟ್ಟು ಓದಿ ತಾಳೆ ನೋಡಿ. ಅಲ್ಪವಿರಾಮ ನಾನು ಉಳಿಸಿಕೊಂಡೆ. ‘ರೂ.4850’ ಅಂದರೂ ನಡೆಯುತ್ತಿತ್ತು, ಒಂದು ಅಕ್ಷರ ಉಳಿಯುತ್ತಿತ್ತು. ಲಕ್ಷದ ಮೊತ್ತವಾದರೆ ಆ ಆಸೆ ಬೇಡ, 104850 ಮತ್ತು 14850 ಅವಸರದಲ್ಲಿ ಒಂದೇ ಥರ ಕಾಣುತ್ತವೆ. ಪೈಸೆ ಇದ್ದರೆ ಜಾಗಕ್ಕೋಸ್ಕರ ಅದನ್ನು ರೂಪಾಯಿಗೆ ದುಂಡಗೆ ಮಾಡುವುದೂ ಸಲ್ಲದು. ಅದು ಚಿಕ್ಕದು ಮಾಡಿದ್ದಲ್ಲ, ಮೊತ್ತವನ್ನೇ ಬದಲಿಸಿದ್ದು.

ಇಂಗ್ಲಿಷ್ ಮೆಸೇಜ್ ಬರೆಯುವವರಿಗೂ ಒಂದು ಮಾತು. `Rs.4,850` ಅಂತ ಬರೆದರೆ ಮಿತಿ 160. `₹4,850` ಅಂತ ಬರೆದಿರೋ, ಆ ಒಂದು ಗುರುತು 7 ಬಿಟ್‌ನ ಪಟ್ಟಿಯಲ್ಲಿ ಇಲ್ಲದ ಕಾರಣ ಇಡೀ ಮೆಸೇಜ್ 16 ಬಿಟ್‌ಗೆ ಹೋಗುತ್ತದೆ. ಮಿತಿ ತಟ್ಟನೆ 70ಕ್ಕೆ ಕುಸಿಯುತ್ತದೆ. ವರ್ಡ್ ಫೈಲಿನಿಂದ ಅಂಟಿಸಿದ ಬಾಗಿದ ಉದ್ಧರಣ ಚಿಹ್ನೆ, ಉದ್ದ ಗೆರೆ ಕೂಡ ಇದೇ ಕಿತಾಪತಿ ಮಾಡುತ್ತವೆ. ಕನ್ನಡ ಮೆಸೇಜಿನಲ್ಲಿ ಇದಕ್ಕೆ ಹೆದರಬೇಕಿಲ್ಲ, ನಾವು ಮೊದಲೇ 70ರಲ್ಲಿದ್ದೇವೆ. ಅಲ್ಲಿ `₹` ಒಂದೇ ಅಕ್ಷರ, ‘ರೂ.’ ಮೂರು. ಅದನ್ನೇ ಹಾಕಿದರೆ ಮೊತ್ತಕ್ಕೆ ಎರಡರಂತೆ ಉಳಿಯುತ್ತದೆ. ಹಳೆಯ ಕೀಪ್ಯಾಡ್ ಫೋನಿನಲ್ಲಿ ಅದು ಚೌಕವಾಗಿ ಕಾಣಬಹುದು ಅಂತ ನಾನು ‘ರೂ.’ ಇಟ್ಟುಕೊಂಡೆ.

ಇನ್ನೊಂದು ಬಾಕಿ: ಕಳಿಸಿದವರು ಯಾರು? ಸಂಘದ ನೋಂದಾಯಿತ ಹೆಸರಿನಿಂದ ಹೋದರೆ ಮೇಲೆಯೇ ಕಾಣುತ್ತದೆ. ಯಾರದೋ ಸ್ವಂತ ನಂಬರಿನಿಂದ ಕಳಿಸುವುದಾದರೆ ಸಂಘದ ಹೆಸರು ಒಳಗೇ ಬರಬೇಕು, ಇಲ್ಲದಿದ್ದರೆ ಯಾವ ಸಾಲ ಅಂತ ಕೇಳುತ್ತಾರೆ, ಮೋಸದ ಮೆಸೇಜ್ ಅಂತಲೂ ಅನುಮಾನ ಪಡುತ್ತಾರೆ. ಆಗ ನಾನು ದಂಡದ ವಾಕ್ಯ ಬಿಡುತ್ತೇನೆ. ಅದರಿಂದ 20 ಅಕ್ಷರ ಸಿಗುತ್ತದೆ.

ಅಭ್ಯಾಸಕ್ಕೆ ಒಂದು ಕೊಡುತ್ತೇನೆ. ಸಭಾಂಗಣದ ಬಾಡಿಗೆ ಒಟ್ಟು 12,500, ಮುಂಗಡ 5,000 ಬಂದಿದೆ, ಉಳಿದದ್ದು 22-05-2026ಕ್ಕೆ ಕೊಡಬೇಕು. ನನ್ನ ಮೊದಲ ಪ್ರಯತ್ನ: «ಸಭಾಂಗಣ ಬಾಡಿಗೆ ಬಾಕಿ ರೂ.7,500. ಕೊನೆ ದಿನ 22-05-2026. ಮುಂಗಡ ರೂ.5,000 ಬಂದಿದೆ.» ಎಣಿಸಿದರೆ 72, ಎರಡು ಜಾಸ್ತಿ. ಕೊನೆಯ ಚುಕ್ಕೆ ಬಿಟ್ಟರೂ ಇನ್ನೊಂದು ಉಳಿಯುತ್ತದೆ. ನೀವಾದರೆ ಅದನ್ನು ಎಲ್ಲಿಂದ ತೆಗೆಯುತ್ತೀರಿ?